ಚಿತ್ರಕಥೆಯ ಪುಟವಿನ್ಯಾಸ: ಇನ್ಸ್‌ವಿಲ್‌ನಿಂದ ಕನ್ನಡದ ಸೀನ್ ಪೇಪರ್‌ವರೆಗೆ

ಹಾಲಿವುಡ್ ಪದ್ಧತಿಯ ಚಿತ್ರಕಥೆಯ ಒಂದು ಪುಟವನ್ನು ಓದದೆ, ತೋಳುದ್ದ ದೂರ ಹಿಡಿದು ನೋಡಿದರೂ ಸಾಕು, ಅದರೊಳಗಿನ ಕೆಲಸ ಏನೆಂದು ತಿಳಿಯುತ್ತದೆ. ಎಡ ಅಂಚಿಗೆ ಅಂಟಿಕೊಂಡು ದೊಡ್ಡಕ್ಷರಗಳಲ್ಲಿ ಒಂದು ಸಾಲು ಇರುತ್ತದೆ: ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ. ಇದು ಸ್ಲಗ್‌ಲೈನ್. ಅದರ ಕೆಳಗೆ ಪುಟದ ಅಗಲಕ್ಕೂ ಹರಡಿದ ಚಿಕ್ಕ ಚಿಕ್ಕ ಪ್ಯಾರಾಗಳು ಆ್ಯಕ್ಷನ್, ಅಂದರೆ ಕ್ರಿಯಾವಿವರಣೆ. ಪುಟದ ನಡುವೆ ಕಂಬದಂತೆ ಇಳಿದಿರುವುದು ಸಂಭಾಷಣೆ. ಪಾತ್ರದ ಹೆಸರಿಗೂ ಮಾತಿಗೂ ಮಧ್ಯೆ ಆವರಣದೊಳಗೆ ಕುಳಿತ ಒಂದೆರಡು ಪದಗಳಿಗೆ ಪ್ಯಾರೆಂಥೆಟಿಕಲ್ ಎನ್ನುತ್ತಾರೆ. ಅಳತೆಗಳೂ ಹೆಚ್ಚುಕಡಿಮೆ ಗೊತ್ತಾದವೇ. ಕಾಗದದ ಎಡತುದಿಯಿಂದ ಒಂದೂವರೆ ಇಂಚಿಗೆ ಸ್ಲಗ್‌ಲೈನ್ ಮತ್ತು ಆ್ಯಕ್ಷನ್, ಎರಡೂವರೆ ಇಂಚಿಗೆ ಮಾತು, ಸುಮಾರು ಮೂರು ಇಂಚಿಗೆ ಆವರಣ ಸೂಚನೆ, ಮೂರು ಮುಕ್ಕಾಲಿನ ಆಸುಪಾಸು ಪಾತ್ರದ ಹೆಸರು.

ಈಗ ಕಿರುಚಿತ್ರ ಮಾಡಹೊರಟ ನಮ್ಮ ಹುಡುಗರು ಈ ಅಳತೆಗಳನ್ನು ಸಾಫ್ಟ್‌ವೇರ್‌ನಿಂದ ಪಡೆಯುತ್ತಾರೆ, ಕಾರಣ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರವೂ ಸಾಮಾನ್ಯವಾಗಿ ‘ಇಂಡಸ್ಟ್ರಿಯಲ್ಲಿ ಹೀಗೇ’ ಎಂಬುದು. ಈ ಲೇಖನದ ವಾದ ಇಷ್ಟು: ಪುಟದ ಈ ನಾಲ್ಕು ಅಂಗಗಳು ಒಮ್ಮೆಗೇ ಹುಟ್ಟಿದವಲ್ಲ, ಒಬ್ಬರ ಕೈಯಲ್ಲಿ ಹುಟ್ಟಿದವೂ ಅಲ್ಲ. ಸ್ಲಗ್‌ಲೈನ್ ಬಂದದ್ದು ಖರ್ಚಿನ ಲೆಕ್ಕದಿಂದ, ಸಂಭಾಷಣೆಯ ಕಂಬ ಬಂದದ್ದು ಮೈಕ್ರೊಫೋನಿನಿಂದ, ಅಂಚುಗಳ ಅಳತೆ ಟೈಪ್‌ರೈಟರಿನಿಂದ. ಯಾವುದು ಯಾವುದರಿಂದ ಬಂತೆಂದು ತಿಳಿದರೆ, ಕನ್ನಡದಲ್ಲಿ ಬರೆಯುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂಬುದೂ ತಿಳಿಯುತ್ತದೆ.

ಒಂದು ರೀಲಿನ ಕಾಲ

ಚಿತ್ರಕಥೆ ಹುಟ್ಟಿದ್ದೇ ಕಿರುಚಿತ್ರಕ್ಕಾಗಿ. ಆರಂಭದ ಸಿನಿಮಾಗಳೆಲ್ಲ ಕಿರುಚಿತ್ರಗಳೇ. ಒಂದು ರೀಲ್ ಎಂದರೆ ಹೆಚ್ಚೆಂದರೆ 1000 ಅಡಿ ಫಿಲ್ಮು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಗೆ 16 ಚೌಕಟ್ಟುಗಳು. ಸೆಕೆಂಡಿಗೆ 16 ಚೌಕಟ್ಟಿನಂತೆ ತಿರುಗಿಸಿದರೆ ಇಡೀ ರೀಲು ಹದಿನಾರು ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತಿತ್ತು. ಇಷ್ಟು ಉದ್ದದ ಚಿತ್ರಕ್ಕೆ ನಿರ್ದೇಶಕನ ತಲೆಯೊಳಗೋ ಜೇಬಿನ ಚೀಟಿಯಲ್ಲೋ ಇರುವ ದೃಶ್ಯಗಳ ಪಟ್ಟಿ ಸಾಕಾಗುತ್ತಿತ್ತು.

1903ರ ಕೊನೆಗೆ ಎಡಿಸನ್ ಕಂಪನಿ ಬಿಡುಗಡೆ ಮಾಡಿದ, ಎಡ್ವಿನ್ ಎಸ್. ಪೋರ್ಟರ್ ನಿರ್ದೇಶಿಸಿದ ‘ದಿ ಗ್ರೇಟ್ ಟ್ರೇನ್ ರಾಬರಿ’ ಚಿತ್ರಕ್ಕೆ ಮಾರಾಟದ ಕೆಟಲಾಗಿನಲ್ಲಿ ಕೊಟ್ಟ ವಿವರಣೆ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಕಥೆಯನ್ನು ದೃಶ್ಯಗಳಾಗಿ ಒಡೆದು, ಪ್ರತಿ ದೃಶ್ಯಕ್ಕೂ ಜಾಗದ ಶೀರ್ಷಿಕೆ ಕೊಟ್ಟಿದ್ದಾರೆ. ಮೊದಲನೆಯದು ರೈಲ್ವೆ ತಂತಿ ಕಚೇರಿಯ ಒಳಭಾಗ. ಇದನ್ನು ಮೊದಲ ಸ್ಲಗ್‌ಲೈನ್ ಎಂದು ತೋರಿಸುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಟಲಾಗ್ ಬರೆದದ್ದು ಚಿತ್ರ ಮುಗಿದ ಮೇಲೆ, ಕೊಳ್ಳುವ ಪ್ರದರ್ಶಕನಿಗಾಗಿ. ನಾಳೆ ಬೆಳಿಗ್ಗೆ ಕ್ಯಾಮೆರಾ ಎಲ್ಲಿಗೆ ಹೊತ್ತೊಯ್ಯಬೇಕು ಎಂದು ಅದು ಯಾರಿಗೂ ಹೇಳುವುದಿಲ್ಲ. ಸ್ಲಗ್‌ಲೈನ್ ಹೇಳುವುದೇ ಅದನ್ನು. ಎರಡೂ ನೋಡಲು ಒಂದೇ ತೆರನಾಗಿದ್ದರೂ ಕೆಲಸ ಬೇರೆ. ಆದರೂ ‘ಒಳಭಾಗ, ಇಂಥ ಜಾಗ’ ಎಂದು ದೃಶ್ಯವನ್ನು ಗುರುತಿಸುವ ಅಭ್ಯಾಸ ಆಗಲೇ ಇತ್ತೆಂಬುದಕ್ಕೆ ಕೆಟಲಾಗು ಸಾಕ್ಷಿ. ನಾಟಕದ ಅಂಕ-ದೃಶ್ಯಗಳ ಪಟ್ಟಿಯಿಂದ ಬಂದ ಅಭ್ಯಾಸ ಅದು. ಈ ಸಿನಿಮಾಕ್ಕೂ ಮೊದಲು ಇದೇ ಹೆಸರಿನ ನಾಟಕವೊಂದಿತ್ತು.

ಇನ್ಸ್ ಮತ್ತು ಲೆಕ್ಕದ ಹಾಳೆ

ಪಟ್ಟಿ ಚಿತ್ರಕಥೆಯಾದದ್ದು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ಬೆಟ್ಟಗಳ ಒಂದು ಕಣಿವೆಯಲ್ಲಿ. 1911ರಲ್ಲಿ ನ್ಯೂಯಾರ್ಕ್ ಮೋಷನ್ ಪಿಕ್ಚರ್ ಕಂಪನಿ ಥಾಮಸ್ ಇನ್ಸ್ ಎಂಬ ನಿರ್ದೇಶಕನನ್ನು ಪಶ್ಚಿಮಕ್ಕೆ ಕಳುಹಿಸಿತು. ಆತ ಕಟ್ಟಿದ ಚಿತ್ರೀಕರಣದ ಊರಿಗೆ ಇನ್ಸ್‌ವಿಲ್ ಎಂದೇ ಹೆಸರಾಯಿತು. ಮೊದಮೊದಲು ಎಲ್ಲ ಚಿತ್ರಗಳನ್ನೂ ತಾನೇ ನಿರ್ದೇಶಿಸುತ್ತಿದ್ದ ಇನ್ಸ್, ಕೆಲಸ ಹೆಚ್ಚಿದಾಗ ಫ್ರಾನ್ಸಿಸ್ ಫೋರ್ಡ್‌ನಂಥವರಿಗೆ ಬೇರೆ ತಂಡ ಕೊಟ್ಟು, ತಾನು ಮೇಲಿಂದ ನೋಡಿಕೊಳ್ಳುವ ನಿರ್ಮಾಪಕನಾದ. ತಾನು ಎದುರಿಗಿಲ್ಲದ ಕಡೆ ಚಿತ್ರ ತನ್ನ ಲೆಕ್ಕದಂತೆಯೇ ಆಗಬೇಕೆಂದರೆ ಏನು ಮಾಡುವುದು? ಎಲ್ಲವನ್ನೂ ಮೊದಲೇ ಬರೆದಿಡುವುದು.

ಹೀಗೆ ಬೆಳೆದದ್ದೇ ಕಂಟಿನ್ಯುಯಿಟಿ ಸ್ಕ್ರಿಪ್ಟ್. ಜಾನೆಟ್ ಸ್ಟೈಗರ್ ಅವರ ಸಂಶೋಧನೆ ಈ ಕಾಗದಪತ್ರಗಳನ್ನು ಅಭ್ಯಾಸ ಮಾಡಿ, ಇದನ್ನು ಕಥೆಯ ಬರಹವೆನ್ನುವುದಕ್ಕಿಂತ ಕಾರ್ಖಾನೆಯ ನಕ್ಷೆಯಾಗಿ ಓದಬೇಕೆಂದು ತೋರಿಸಿತು. ಒಂದು ಕಟ್ಟಿನಲ್ಲಿ ಪಾತ್ರಗಳ ಪಟ್ಟಿ ಇರುತ್ತಿತ್ತು, ಕಥಾಸಾರ ಇರುತ್ತಿತ್ತು, ಅಂಕೆ ಹಾಕಿದ ದೃಶ್ಯಗಳಿರುತ್ತಿದ್ದವು, ಕೊನೆಗೆ ಖರ್ಚಿನ ಹಾಳೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಹಾಳೆ: ಜಾಗಗಳ ಪಟ್ಟಿ. ಒಂದೊಂದು ಸೆಟ್ಟಿನ ಹೆಸರು, ಅದರ ಎದುರಿಗೆ ಅಲ್ಲಿ ತೆಗೆಯಬೇಕಾದ ದೃಶ್ಯಗಳ ಅಂಕೆಗಳು. ಸಾರಾಯಿ ಅಂಗಡಿಯ ಒಳಗಿನ ದೃಶ್ಯಗಳು ಕಥೆಯಲ್ಲಿ ಮೂರು ಕಡೆ ಬಂದರೂ ಒಂದೇ ದಿನ ತೆಗೆದು ಮುಗಿಸಬಹುದು.

ಈ ಪಟ್ಟಿ ಸಾಧ್ಯವಾಗಬೇಕಾದರೆ ಪ್ರತಿ ದೃಶ್ಯದ ನೆತ್ತಿಯ ಮೇಲೂ ಜಾಗದ ಹೆಸರು ಒಂದೇ ರೀತಿಯಲ್ಲಿ ಬರೆದಿರಬೇಕು. ಒಳಾಂಗಣ-ಹೊರಾಂಗಣ ಎಂಬ ಭೇದಕ್ಕೂ ಆಗ ಗಟ್ಟಿ ಅರ್ಥವಿತ್ತು. ಒಳಾಂಗಣವೆಂದರೆ ಸೂರ್ಯನ ಬೆಳಕು ಬೀಳುವ ತೆರೆದ ವೇದಿಕೆಯ ಮೇಲೆ ಬಡಗಿ ಸೆಟ್ ಹಾಕಬೇಕು. ಹೊರಾಂಗಣವೆಂದರೆ ಕುದುರೆ, ಗಾಡಿ, ಊಟ ಕಟ್ಟಿಕೊಂಡು ಕಣಿವೆಗೆ ಹೋಗಬೇಕು. ಹಗಲು-ರಾತ್ರಿಯ ಸೂಚನೆಗೂ ಹೀಗೇ. ರಾತ್ರಿಯ ದೃಶ್ಯಗಳನ್ನೂ ಬಹುಪಾಲು ಹಗಲಲ್ಲೇ ತೆಗೆದು ಪ್ರಿಂಟಿಗೆ ನೀಲಿ ಬಣ್ಣ ಕೊಡುತ್ತಿದ್ದ ಕಾಲ ಅದು. ಆ ದೃಶ್ಯ ರಾತ್ರಿಯದೆಂದು ಯಾರಾದರೂ ಎಲ್ಲಾದರೂ ಬರೆದಿಡಲೇಬೇಕಿತ್ತು.

ಇನ್ಸ್ ತನ್ನ ಸ್ಕ್ರಿಪ್ಟ್‌ಗಳ ಮೇಲೆ ‘ಬರೆದಂತೆಯೇ ಚಿತ್ರೀಕರಿಸಿ’ ಎಂಬ ಮೊಹರು ಒತ್ತುತ್ತಿದ್ದನೆಂಬ ಕಥೆ ಸಿನಿಮಾ ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರೋಚಕವಾದ ಕಥೆ, ಅದಕ್ಕೇ ಉಳಿದುಕೊಂಡಿದೆ. ಅದನ್ನು ನಂಬಿಯೇ ವಾದ ಕಟ್ಟಬೇಕಾಗಿಲ್ಲ. ಮೊಹರಿಗಿಂತ ಆ ಜಾಗಗಳ ಪಟ್ಟಿ ಹೆಚ್ಚು ಬಲವಾದ ಆಜ್ಞೆ. ಇನ್ನು ಸ್ಲಗ್ ಎಂಬ ಪದ ಅಚ್ಚುಮನೆಯ ಬಳುವಳಿಯಂತೆ ಕಾಣುತ್ತದೆ. ಲೈನೋಟೈಪ್ ಯಂತ್ರ ಎರಕ ಹೊಯ್ಯುವ ಒಂದು ಸಾಲಿನ ಸೀಸದ ಪಟ್ಟಿಗೆ ಆ ಹೆಸರಿತ್ತು. ಪತ್ರಿಕಾ ಕಚೇರಿಯಲ್ಲಿ ಸುದ್ದಿಯನ್ನು ಗುರುತಿಸುವ ಚುಟುಕು ಹೆಸರಿಗೂ ಅದೇ ಪದ ಈಗಲೂ ಇದೆ.

ಮಾತು ಬಂದಾಗ

ಮೂಕಿ ಚಿತ್ರದ ಸ್ಕ್ರಿಪ್ಟ್‌ನಲ್ಲಿ ಮಾತು ಇರುತ್ತಿತ್ತು, ಆದರೆ ಪರದೆಯ ಮೇಲೆ ಓದಿಸುವ ಟೈಟಲ್ ಕಾರ್ಡಾಗಿ, ಅದೂ ಒಂದು ಶಾಟ್‌ನಂತೆ. 1927ರ ‘ದಿ ಜಾಝ್ ಸಿಂಗರ್’ ಮಾತಿನ ಯುಗ ತೆರೆಯಿತೆಂದು ಹೇಳುತ್ತೇವೆ. ಆದರೆ ಅದರ ಸ್ಕ್ರಿಪ್ಟ್ ಹೆಚ್ಚುಕಡಿಮೆ ಮೂಕಿ ಚಿತ್ರದ್ದೇ. ಆಲ್ ಜಾಲ್ಸನ್ ತಾಯಿಯೊಂದಿಗೆ ಆಡುವ ಪ್ರಸಿದ್ಧ ಹರಟೆ ಬಹುಮಟ್ಟಿಗೆ ಸ್ಥಳದಲ್ಲೇ ಹುಟ್ಟಿದ್ದು. ಮಾತಾಡುವ ಸಿನಿಮಾ ಬಂದರೂ ಮಾತು ಬರೆಯುವ ಪುಟ ಇನ್ನೂ ಬಂದಿರಲಿಲ್ಲ.

ಮುಂದಿನ ಎರಡು ಮೂರು ವರ್ಷ ಸ್ಟುಡಿಯೊಗಳಲ್ಲಿ ಗೊಂದಲವಿತ್ತು. ಕೆಲವರು ಮಾತನ್ನು ನಾಟಕದಂತೆ ಬೇರೆಯೇ ಬರೆದು ಕಂಟಿನ್ಯುಯಿಟಿಯ ಜೊತೆ ಲಗತ್ತಿಸಿದರು. ಕೆಲವರು ಪುಟವನ್ನು ಉದ್ದಕ್ಕೆ ಸೀಳಿ ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ ಬರೆದರು. 1930ರ ದಶಕದ ಮೊದಲ ವರ್ಷಗಳಲ್ಲಿ ಬೇರೊಂದು ಒಪ್ಪಂದ ಗಟ್ಟಿಯಾಯಿತು: ಎಡದಿಂದ ಕ್ರಿಯೆ, ನಡುವೆ ಮಾತು, ಎರಡೂ ಒಂದೇ ಹರಿವಿನಲ್ಲಿ. ಎರಡು ಕಂಬದ ಪುಟ ಜಾಹೀರಾತು ಮತ್ತು ಸಾಕ್ಷ್ಯಚಿತ್ರದವರ ಪಾಲಾಯಿತು. ನಮ್ಮಲ್ಲೂ ಅದು ಬಳಕೆಯಲ್ಲಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ನಡುವಿನ ಕಂಬ ಗೆದ್ದದ್ದೇಕೆ? ನಟನಿಗೆ ತನ್ನ ಮಾತು ತಕ್ಷಣ ಕಣ್ಣಿಗೆ ಬೀಳಬೇಕು. ಧ್ವನಿ ದಾಖಲಿಸುವವನಿಗೆ ಈ ದೃಶ್ಯದಲ್ಲಿ ಮೈಕ್ ಬೇಕೋ ಬೇಡವೋ ಎಂಬುದು ಪುಟ ತಿರುಗಿಸುತ್ತಲೇ ತಿಳಿಯಬೇಕು. ಇಬ್ಬರಿಗೂ ಅನುಕೂಲವಾದದ್ದು ಕಿರಿದಾದ, ಸುತ್ತ ಬಿಳಿ ಬಿಟ್ಟ ಕಂಬ.

ಪ್ಯಾರೆಂಥೆಟಿಕಲ್ ಹಳೆಯದು, ರಂಗಭೂಮಿಯಿಂದ ಬಂದದ್ದು. ಅಲ್ಲಿ ‘ಕೋಪದಿಂದ’, ‘ಪಕ್ಕಕ್ಕೆ ತಿರುಗಿ’ ಎಂದು ಮಾತಿನ ಸಾಲಿನೊಳಗೇ ಆವರಣ ಹಾಕುತ್ತಿದ್ದರು. ಸಿನಿಮಾ ಪುಟದಲ್ಲಿ ಅದಕ್ಕೆ ತನ್ನದೇ ಸಾಲು, ತನ್ನದೇ ಅಂಚು ಸಿಕ್ಕಿತು. ಆ ಅಂಚು ತುಂಬ ಇಕ್ಕಟ್ಟು, ಎರಡು ಇಂಚಿನ ಆಸುಪಾಸು. ಉದ್ದ ಬರೆದರೆ ನಾಲ್ಕೈದು ಸಾಲಿಗೆ ಮುರಿದು ವಿಕಾರವಾಗಿ ಕಾಣುತ್ತದೆ. ಇಕ್ಕಟ್ಟೇ ಶಿಸ್ತು ಕಲಿಸುತ್ತದೆ. ಈಗ ಬಲ್ಲವರು ಅದನ್ನು ಉಳಿಸಿಕೊಳ್ಳುವುದು ಎರಡೋ ಮೂರೋ ಸಂದರ್ಭಕ್ಕೆ: ಮಾತು ಯಾರಿಗೆ ಹೇಳಿದ್ದೆಂಬುದು ಸ್ಪಷ್ಟವಿಲ್ಲದಾಗ, ಮಾತಿನ ಅರ್ಥಕ್ಕೆ ವಿರುದ್ಧವಾದ ಧಾಟಿ ಬೇಕಾದಾಗ, ಮಾತಿನ ನಡುವೆಯೇ ಚಿಕ್ಕದೊಂದು ಕ್ರಿಯೆ ನಡೆದಾಗ. ‘ಹಾಳಾಗಿ ಹೋಗು’ ಎಂಬ ಮಾತಿನ ಮೇಲೆ ‘ಸಿಟ್ಟಿನಿಂದ’ ಎಂದು ಬರೆಯುವುದು ವ್ಯರ್ಥ. ‘ನಗುತ್ತ’ ಎಂದು ಬರೆದರೆ ಅರ್ಥವಿದೆ.

ಪಾತ್ರದ ಹೆಸರಿನ ಪಕ್ಕದಲ್ಲಿ ಬರುವ ಒ.ಎಸ್. ಮತ್ತು ವಿ.ಒ. ಎಂಬ ಗುರುತುಗಳನ್ನು ಇದರೊಂದಿಗೆ ಬೆರೆಸಬಾರದು. ಅವು ಅಭಿನಯದ ಸೂಚನೆಗಳಲ್ಲ. ಮೊದಲನೆಯದು ತೆರೆಯಾಚೆಯ ಮಾತು: ಪಾತ್ರ ಅದೇ ಜಾಗದಲ್ಲಿದೆ, ಚೌಕಟ್ಟಿನೊಳಗಿಲ್ಲ, ಬಚ್ಚಲಿನಿಂದ ಕೂಗಿದ ಅಮ್ಮನ ಹಾಗೆ. ಎರಡನೆಯದು ಮೇಲುಧ್ವನಿ: ನಿರೂಪಣೆ, ನೆನಪು, ಆ ಜಾಗದಲ್ಲಿ ಇಲ್ಲದವರ ಮಾತು. ಬರೆಯುವವನಿಗೆ ಎರಡೂ ‘ಕಾಣದ ಧ್ವನಿ’. ಪ್ರೊಡಕ್ಷನ್ ಮ್ಯಾನೇಜರಿಗೆ ಹಾಗಲ್ಲ. ತೆರೆಯಾಚೆಯ ಮಾತಿದ್ದರೆ ಎದುರಿನ ನಟನಿಗೆ ಪ್ರತಿಕ್ರಿಯಿಸಲು ಆ ಕಲಾವಿದೆಯನ್ನು ಅಂದು ಸೆಟ್ಟಿಗೆ ಕರೆಸಬೇಕು. ಮೇಲುಧ್ವನಿಯಾದರೆ ಇನ್ನೊಂದು ದಿನ ಸ್ಟುಡಿಯೊದಲ್ಲಿ ದಾಖಲಿಸಿದರಾಯಿತು. ಎರಡಕ್ಷರದ ತಪ್ಪು ಒಂದು ದಿನದ ಸಂಭಾವನೆಗೆ ಸಮ.

ಕ್ಯಾಮೆರಾ ಪುಟ ಬಿಟ್ಟ ಬಗೆ

1930-40ರ ದಶಕದ ಸ್ಟುಡಿಯೊ ಸ್ಕ್ರಿಪ್ಟ್ ಇಂದಿನದರಂತೆ ಇರಲಿಲ್ಲ. ಅಲ್ಲಿ ಶಾಟ್ ಶಾಟಿಗೂ ಅಂಕೆ ಮತ್ತು ಶೀರ್ಷಿಕೆ: ಮೀಡಿಯಂ ಶಾಟ್, ಕ್ಲೋಸಪ್, ಕ್ಯಾಮೆರಾ ಹಿಂದೆ ಸರಿಯುತ್ತದೆ ಇತ್ಯಾದಿ. 1942ರ ‘ಕಾಸಾಬ್ಲಾಂಕಾ’ದ ಸ್ಕ್ರಿಪ್ಟ್ ಈ ಬಗೆಯದು. ಬರಹಗಾರ ಸಂಬಳದವನು, ಓದುವವರು ಅದೇ ಆವರಣದ ಇಲಾಖೆಗಳವರು, ಆದ್ದರಿಂದ ತಾಂತ್ರಿಕ ಭಾಷೆ ಯಾರಿಗೂ ತೊಡಕಾಗಿರಲಿಲ್ಲ.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನ ನಂತರ ಸ್ಟುಡಿಯೊಗಳು ಚಿತ್ರಮಂದಿರಗಳ ಒಡೆತನ ಬಿಡಬೇಕಾಯಿತು. ಸಂಬಳದ ಬರಹಗಾರರ ಸಾಲು ಕ್ರಮೇಣ ಕರಗಿತು. ಸ್ಕ್ರಿಪ್ಟ್ ಈಗ ಹೊರಗಿನಿಂದ ಬರತೊಡಗಿತು, ಕೊಳ್ಳುವವರಿಗೆ ಮೊದಲು ಓದಿ ರುಚಿಸಬೇಕಿತ್ತು. ‘ಕ್ಯಾಮೆರಾ ಎಡಕ್ಕೆ ತಿರುಗುತ್ತದೆ’ ಎಂಬುದನ್ನು ಓದಿ ಯಾವ ನಿರ್ಮಾಪಕನೂ ಹಣ ಹಾಕುವುದಿಲ್ಲ. ಶಾಟ್‌ಗಳ ಅಂಕೆಗಳು ಉದುರಿ, ಒಂದು ಜಾಗ ಮತ್ತು ಒಂದು ಕಾಲಕ್ಕೆ ಒಂದು ಸ್ಲಗ್‌ಲೈನ್ ಎಂಬ ಮಾಸ್ಟರ್ ಸೀನ್ ಪದ್ಧತಿ ಉಳಿಯಿತು. ವಿಲಿಯಂ ಗೋಲ್ಡ್‌ಮನ್ ಯಾರೂ ಕೇಳದೆ ತಾನೇ ಬರೆದ ‘ಬುಚ್ ಕ್ಯಾಸಿಡಿ ಅಂಡ್ ದಿ ಸನ್‌ಡ್ಯಾನ್ಸ್ ಕಿಡ್’ 1967ರಲ್ಲಿ 4 ಲಕ್ಷ ಡಾಲರಿಗೆ ಮಾರಾಟವಾದಾಗ, ಸ್ಕ್ರಿಪ್ಟ್ ಎಂಬುದು ಓದಿಸಿ ಮಾರುವ ಸರಕೆಂಬುದು ಎಲ್ಲರಿಗೂ ಮನದಟ್ಟಾಯಿತು.

ಇಲ್ಲಿ ನನಗೆ ಮುಖ್ಯವೆನಿಸುವ ಸಂಗತಿಯೊಂದಿದೆ. ಶಾಟ್‌ಗಳು ಪುಟದಿಂದ ಹೋದವೆಂದು ಹೇಳುತ್ತೇವೆ, ನಿಜವಾಗಿ ಹೋಗಲಿಲ್ಲ. ಅವು ಪ್ಯಾರಾ ಒಡೆಯುವ ಕ್ರಮದಲ್ಲಿ ಅಡಗಿ ಕುಳಿತವು. ‘ಮೇಜಿನ ಮೇಲೆ ಒಂದು ಲಕೋಟೆ’ ಎಂದು ಬರೆದು ಪ್ಯಾರಾ ಮುಗಿಸಿದರೆ ಓದುಗ ಲಕೋಟೆಯನ್ನು ಹತ್ತಿರದಿಂದಲೇ ನೋಡುತ್ತಾನೆ. ಕ್ಲೋಸಪ್ ಎಂಬ ಪದ ಬೇಕಾಗಿಲ್ಲ. ಸಾಲು ಬಿಟ್ಟು ಮುಂದಿನ ಪ್ಯಾರಾ ಶುರುಮಾಡಿದರೆ ಅಲ್ಲೊಂದು ಕಟ್ ಇದ್ದಂತೆ. ಆ್ಯಕ್ಷನ್ ಪ್ಯಾರಾ ಮೂರು ನಾಲ್ಕು ಸಾಲು ಮೀರಬಾರದೆಂಬ ಬುದ್ಧಿಮಾತಿನ ಹಿಂದಿರುವುದು ಇದೇ. ಓದುಗನ ಆಯಾಸ ಆಮೇಲಿನ ಕಾರಣ.

ಬೆರಳಚ್ಚಿನ ಅಳತೆ, ಗಡಿಯಾರದ ಅಳತೆ

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಅದು ಎಲ್ಲಿಂದ ಬಂತೆಂದು ನೋಡಲು ಸ್ವಲ್ಪ ಲೆಕ್ಕ ಮಾಡಬೇಕು. ಮೂಕಿಯ ಕಾಲದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ವೇಗ ಏರಿಳಿಯುತ್ತಿತ್ತು. ಧ್ವನಿ ಬಂದ ಮೇಲೆ ಸೆಕೆಂಡಿಗೆ 24 ಚೌಕಟ್ಟು ಎಂದು ಗಟ್ಟಿಯಾಯಿತು, ಅಂದರೆ ನಿಮಿಷಕ್ಕೆ 90 ಅಡಿ. ಒಂದು ಕಡೆ ಹೀಗೆ ಕಾಲ ಸ್ಥಿರವಾಯಿತು. ಇನ್ನೊಂದು ಕಡೆ ಟೈಪ್‌ರೈಟರಿನಲ್ಲಿ ಜಾಗ ಮೊದಲೇ ಸ್ಥಿರವಾಗಿತ್ತು: ಇಂಚಿಗೆ ಹತ್ತು ಅಕ್ಷರ, ಆರು ಸಾಲು, ‘ಐ’ ಅಕ್ಷರಕ್ಕೂ ‘ಡಬ್ಲ್ಯು’ ಅಕ್ಷರಕ್ಕೂ ಒಂದೇ ಅಗಲ. 11 ಇಂಚಿನ ಕಾಗದದಲ್ಲಿ ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟರೆ 54 ಸಾಲು. ಮಾತಿನ ಕಂಬದ ಅಗಲ ಸುಮಾರು 35 ಅಕ್ಷರ, ಇಂಗ್ಲಿಷಿನ ಆರು ಪದ. ಹೆಸರಿನ ಸಾಲು, ಖಾಲಿ ಸಾಲುಗಳನ್ನು ಕಳೆದರೆ ಮಾತೇ ತುಂಬಿದ ಪುಟದಲ್ಲಿ 25-30 ಸಾಲು ಮಾತು, ಅಂದರೆ ನೂರೈವತ್ತು ಪದಗಳ ಆಸುಪಾಸು. ಸಹಜವಾಗಿ ಇಂಗ್ಲಿಷ್ ಮಾತಾಡುವವರು ನಿಮಿಷಕ್ಕೆ ಆಡುವುದೂ ಅಷ್ಟೇ. ಸೂತ್ರದಲ್ಲಿ ಪವಾಡವೇನಿಲ್ಲ.

ನಾವು ಈಗ ಚಿತ್ರಕಥೆಯ ಅಕ್ಷರವೆಂದು ಗುರುತಿಸುವ ಕೊರಿಯರ್ ಈ ಕಥೆಗೆ ತಡವಾಗಿ ಬಂದದ್ದು. ಹೋವರ್ಡ್ ಕೆಟ್ಲರ್ ಅದನ್ನು ಐಬಿಎಂ ಟೈಪ್‌ರೈಟರಿಗಾಗಿ ರೂಪಿಸಿದ್ದು 1950ರ ದಶಕದ ಮಧ್ಯದಲ್ಲಿ. ಎಡಗಡೆಯ ಅರ್ಧ ಇಂಚಿನ ಹೆಚ್ಚುವರಿ ಅಂಚು ತೂತು ಹೊಡೆದು ಹಿತ್ತಾಳೆಯ ಪಿನ್ನು ಹಾಕಲು. ಪಿಡಿಎಫ್‌ನಲ್ಲೇ ಓದುವ ಇಂದಿಗೂ ಆ ಅರ್ಧ ಇಂಚು ಹಾಗೇ ಇದೆ, ಮನೆಯಲ್ಲಿ ಹಸುವಿಲ್ಲದಿದ್ದರೂ ಉಳಿದ ಗೂಟದಂತೆ.

ನಿರ್ಮಾಣ ತಂಡಗಳು ಪುಟವನ್ನು ಎಂಟು ಭಾಗ ಮಾಡಿ ಲೆಕ್ಕ ಹಾಕುತ್ತವೆ. 54 ಸಾಲಿನಲ್ಲಿ ಒಂದು ಭಾಗಕ್ಕೆ ಏಳು ಸಾಲಿಗೆ ತುಸು ಕಡಿಮೆ. ದೃಶ್ಯ ಎಷ್ಟೇ ಚಿಕ್ಕದಾದರೂ 1/8 ಎಂದೇ ಬರೆಯುತ್ತಾರೆ. ಹದಿನೈದು ಪುಟದ ಕಿರುಚಿತ್ರದಲ್ಲಿ ಈ ಲೆಕ್ಕ ನೇರವಾಗಿ ದಿನಗಳಾಗುತ್ತದೆ: ದಿನಕ್ಕೆ ನಾಲ್ಕು ಪುಟ ಮುಗಿಸಬಲ್ಲ ತಂಡಕ್ಕೆ ನಾಲ್ಕು ದಿನದ ಕೆಲಸ.

ಒಂದು ದೃಶ್ಯ, ಕನ್ನಡದಲ್ಲಿ

ಈಗ ಕನ್ನಡದ ಪುಟಕ್ಕೆ ಬರೋಣ. ಒಂದು ಕಿರುಚಿತ್ರದ ಮೊದಲ ದೃಶ್ಯವನ್ನು ಹೊಸಬರೊಬ್ಬರು ಹೀಗೆ ಬರೆದಿದ್ದಾರೆಂದು ಇಟ್ಟುಕೊಳ್ಳಿ: ‘ಗಂಡ ತೀರಿಕೊಂಡ ಮೇಲೆ ಪಿಂಚಣಿಯನ್ನೇ ನಂಬಿ ಬದುಕಿದ್ದ ನಿಂಗಮ್ಮನಿಗೆ ಅಂದು ಅಂಚೆ ಕಚೇರಿಗೆ ಕಾಲಿಡುವಾಗಲೇ ಏನೋ ಅಳುಕು. ಯಂತ್ರ ಅವಳ ಬೆರಳನ್ನು ಎಷ್ಟು ಒತ್ತಿದರೂ ಒಪ್ಪಲಿಲ್ಲ. ಪೋಸ್ಟ್ ಮಾಸ್ಟರ್ ಬೇಸರದಿಂದ ಮತ್ತೆ ಒತ್ತಲು ಹೇಳಿದ. ಎಲ್ಲರೆದುರು ಅವಳಿಗೆ ಅವಮಾನವಾಯಿತು.’ ಕಥೆಯಾಗಿ ಇದು ಸರಿ. ಆದರೆ ಗಂಡ ತೀರಿಕೊಂಡದ್ದನ್ನು ಕ್ಯಾಮೆರಾ ಹೇಗೆ ನೋಡಬೇಕು? ಅಳುಕು ಎಲ್ಲಿ ಕಾಣುತ್ತದೆ? ಅವಮಾನವನ್ನು ಯಾರು ಮಾಡಿದರು? ವಿನ್ಯಾಸಕ್ಕೆ ಇಳಿಸಹೊರಟ ಕೂಡಲೇ ಈ ಪ್ರಶ್ನೆಗಳು ಏಳುತ್ತವೆ, ಏಕೆಂದರೆ ನಾಲ್ಕು ಅಂಗಗಳಲ್ಲಿ ಮನಸ್ಸಿನ ಮಾತಿಗೆ ಕಾದಿಟ್ಟ ಅಂಚೇ ಇಲ್ಲ.

```
ಒಳಾಂಗಣ. ಅಂಚೆ ಕಚೇರಿ - ಹಗಲು

ಕೌಂಟರಿನ ಮೇಲೆ ಬೆರಳಚ್ಚು ಯಂತ್ರ. ಕೆಂಪು ದೀಪ.

ನಿಂಗಮ್ಮ (70) ಹೆಬ್ಬೆರಳನ್ನು ಸೆರಗಿಗೆ
ಒರೆಸುತ್ತಾಳೆ. ಮತ್ತೆ ಒತ್ತುತ್ತಾಳೆ.

ಕೆಂಪು ದೀಪ.

               ಪೋಸ್ಟ್ ಮಾಸ್ಟರ್
      ಇನ್ನೊಂದ್ ಸಲ ಒತ್ತಿ ಅಜ್ಜಿ.

               ನಿಂಗಮ್ಮ
          (ಬೆರಳು ನೋಡಿಕೊಳ್ಳುತ್ತ)
      ಒತ್ತಿ ಒತ್ತಿ ಬೆಳ್ಳೇ ಸವ್ದೋಯ್ತು ಕಣಪ್ಪ.

ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾರೆ.
ನಿಂಗಮ್ಮ ತಿರುಗಿ ನೋಡುವುದಿಲ್ಲ.
```

ಇಲ್ಲಿ ಗಂಡನ ಸಾವು ಬಿಟ್ಟುಹೋಗಿದೆ. ಅದು ಬೇಕೇಬೇಕೆಂದರೆ ಮುಂದೆ ಯಾರದಾದರೂ ಮಾತಿನಲ್ಲೋ ಪಾಸ್‌ಬುಕ್ಕಿನ ಹೆಸರಿನಲ್ಲೋ ಬರಬೇಕು. ಅವಮಾನ ಒಂದು ನಗುವಾಗಿದೆ, ತಿರುಗದ ಒಂದು ತಲೆಯಾಗಿದೆ. ‘ಕೆಂಪು ದೀಪ’ ಎಂಬ ಒಂಟಿ ಪ್ಯಾರಾ ಒಂದು ಕ್ಲೋಸಪ್. ಆವರಣ ಸೂಚನೆ ಒಂದೇ ಕಡೆ ಇದೆ, ಅದೂ ಕ್ರಿಯೆಯದು. ಪೋಸ್ಟ್ ಮಾಸ್ಟರನ ‘ಬೇಸರದಿಂದ’ ಹೋಗಿದೆ. ಸಾಲಿಗೆ ಮೂವತ್ತು ಜನ ನಿಂತ ಕಚೇರಿಯಲ್ಲಿ ಅದನ್ನು ನಟನಿಗೆ ಹೇಳಿಕೊಡಬೇಕಾಗಿಲ್ಲ.

ಖಾಲಿ ಸಾಲೂ ಸೇರಿ ಎಣಿಸಿದರೆ ಹದಿನೆಂಟು ಸಾಲು, ಅಂದರೆ 3/8 ಪುಟ. ಸೂತ್ರದಂತೆ ಇಪ್ಪತ್ತೆರಡು ಸೆಕೆಂಡಿನ ದೃಶ್ಯ. ಆದರೆ ಎರಡು ಸಲ ಬೆರಳು ಒತ್ತಿ, ಯಂತ್ರ ಓದುವವರೆಗೆ ಕಾದು, ದೀಪ ಕೆಂಪಾಗುವುದನ್ನು ನೋಡಿ, ಅಜ್ಜಿ ಬೆರಳನ್ನು ತಿರುವಿ ನೋಡಿಕೊಳ್ಳುವಷ್ಟರಲ್ಲಿ ಅದರ ಹತ್ತಿರಹತ್ತಿರ ಎರಡರಷ್ಟು ಹೊತ್ತು ಹಿಡಿಯುತ್ತದೆ. ಕಾಯುವಿಕೆ ಇರುವ ದೃಶ್ಯದಲ್ಲಿ ಸೂತ್ರ ಯಾವಾಗಲೂ ಸೋಲುತ್ತದೆ. ನೂರು ಪುಟದ ಚಿತ್ರದಲ್ಲಿ ಇಂಥ ಸೋಲುಗಳು ಒಂದನ್ನೊಂದು ಸರಿದೂಗಿಸುತ್ತವೆ, ಎಂಟು ಪುಟದ ಕಿರುಚಿತ್ರದಲ್ಲಿ ಸರಿದೂಗಿಸಲು ಜಾಗವಿರುವುದಿಲ್ಲ.

ಕನ್ನಡಕ್ಕೆ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು, ನಮ್ಮ ಲಿಪಿಯಲ್ಲಿ ಅಕ್ಷರಗಳ ಅಗಲ ಒಂದೇ ಅಲ್ಲ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಚಿಗೆ ಆರು ಸಾಲು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟರೆ ಪುಟಕ್ಕೆ 54 ಸಾಲು ಹಿಡಿಯುವುದಿಲ್ಲ. ಮೇಲಾಗಿ ನಮ್ಮ ಎ4 ಕಾಗದ ಅಮೆರಿಕದ ಕಾಗದಕ್ಕಿಂತ ಮುಕ್ಕಾಲು ಇಂಚಿನಷ್ಟು ಉದ್ದ. ಆದ್ದರಿಂದ ಎರವಲು ಸೂತ್ರವನ್ನು ನಂಬದೆ ತಮ್ಮದೇ ಅಳತೆ ಕಂಡುಕೊಳ್ಳುವುದು ಕ್ಷೇಮ. ಮಾತು ಹೆಚ್ಚಿರುವ ಒಂದು ದೃಶ್ಯ, ಮಾತೇ ಇಲ್ಲದ ಒಂದು, ಎರಡೂ ಬೆರೆತ ಒಂದು, ಹೀಗೆ ಮೂರನ್ನು ಆರಿಸಿಕೊಂಡು, ಎದ್ದು ನಿಂತು ಅಭಿನಯಿಸಿ, ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹೊತ್ತು ನೋಡಿ, ಪುಟಗಳಿಂದ ಭಾಗಿಸಿದರೆ ತಮ್ಮ ಪುಟದ ನಿಮಿಷ ಸಿಗುತ್ತದೆ.

ಎರಡನೆಯ ತೊಡಕು ಇನ್ನೂ ಮೂಲದ್ದು. ಹಾಲಿವುಡ್ ಪುಟದಲ್ಲಿ ಸ್ಲಗ್‌ಲೈನನ್ನೂ ಪಾತ್ರದ ಹೆಸರನ್ನೂ ಎತ್ತಿ ತೋರಿಸುವುದು ದೊಡ್ಡಕ್ಷರ. ಕನ್ನಡದಲ್ಲಿ ಚಿಕ್ಕಕ್ಷರ ದೊಡ್ಡಕ್ಷರ ಎಂಬುದೇ ಇಲ್ಲ. ಕಣ್ಣಿಗೆ ಇದು ಸಣ್ಣ ಕೊರತೆ, ದಪ್ಪಕ್ಷರದಿಂದ ತುಂಬಿಕೊಳ್ಳಬಹುದು. ಸಾಫ್ಟ್‌ವೇರಿಗೆ ಇದು ದೊಡ್ಡದು. 2012ರಲ್ಲಿ ಜಾನ್ ಆಗಸ್ಟ್, ಸ್ಟು ಮ್ಯಾಷ್‌ವಿಟ್ಜ್ ಮೊದಲಾದವರು ಹೊರತಂದ ಫೌಂಟನ್ ಎಂಬ ಸರಳ ಬರಹ ಪದ್ಧತಿಯಲ್ಲಿ `INT.` ಅಥವಾ `EXT.` ಎಂದು ಶುರುವಾದ ಸಾಲು ಸ್ಲಗ್‌ಲೈನ್ ಎಂದೂ, ಪೂರ್ತಿ ದೊಡ್ಡಕ್ಷರದ ಸಾಲು ಪಾತ್ರದ ಹೆಸರೆಂದೂ ತಾನಾಗಿ ಗುರುತಾಗುತ್ತದೆ. ಕನ್ನಡದ ಹೆಸರು ಹಾಗೆ ಗುರುತಾಗುವುದಿಲ್ಲ, ಮಾತೆಲ್ಲ ಆ್ಯಕ್ಷನ್ ಆಗಿ ಎಡಕ್ಕೆ ಜಾರುತ್ತದೆ. ಅದಕ್ಕೆ ಆ ಪದ್ಧತಿಯಲ್ಲೇ ಪರಿಹಾರವಿದೆ. ಸ್ಲಗ್‌ಲೈನಿಗೆ ಮುಂಚೆ ಒಂದು ಚುಕ್ಕಿ, ಹೆಸರಿಗೆ ಮುಂಚೆ ಒಂದು ಗುರುತು ಹಾಕಿದರೆ ಸಾಕು:

```
.ಒಳಾಂಗಣ. ಅಂಚೆ ಕಚೇರಿ - ಹಗಲು

@ನಿಂಗಮ್ಮ
(ಬೆರಳು ನೋಡಿಕೊಳ್ಳುತ್ತ)
ಒತ್ತಿ ಒತ್ತಿ ಬೆಳ್ಳೇ ಸವ್ದೋಯ್ತು ಕಣಪ್ಪ.
```

ಇನ್ಸ್‌ನ ಜಾಗಗಳ ಪಟ್ಟಿ ಈಗ ಸಾಫ್ಟ್‌ವೇರಿನೊಳಗಿದೆ, ಅದರ ಹಟವೂ ಹಾಗೇ ಇದೆ. ಒಂದು ದೃಶ್ಯದಲ್ಲಿ ‘ಅಡುಗೆಮನೆ’, ಇನ್ನೊಂದರಲ್ಲಿ ‘ಅಡುಗೆ ಮನೆ’, ಮತ್ತೊಂದರಲ್ಲಿ ‘ಅಡಿಗೆಮನೆ’ ಎಂದು ಬರೆದರೆ ಯಂತ್ರಕ್ಕೆ ಅವು ಮೂರು ಬೇರೆ ಲೊಕೇಶನ್. ಪಟ್ಟಿ ತೆಗೆದಾಗ ಒಂದೇ ಮನೆ ಮೂರು ಕಡೆ ಕಾಣಿಸಿಕೊಂಡರೆ ತಪ್ಪು ಕಾಗುಣಿತದಲ್ಲಿದೆಯೆಂದು ತಿಳಿಯಬೇಕು.

ನಮ್ಮಲ್ಲಿ ಉಳಿದಿರುವುದು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಕೊಲ್ಹಾಪುರದಲ್ಲಿ ಚಿತ್ರೀಕರಣವಾದ ಅದಕ್ಕೆ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಾಟಕ ಕಂಪನಿಗಳ ಲೋಕದಿಂದ ಬಂದವರು. ಹಾಲಿವುಡ್ ಲೆಕ್ಕದ ಹಾಳೆಯಿಂದ ಹೊರಟರೆ ನಾವು ಹೊರಟದ್ದು ನಾಟಕದ ಪ್ರತಿಯಿಂದ. ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಟೈಟಲ್ ಕಾರ್ಡಿನಲ್ಲಿ ಮೂರು ಹೆಸರು ಬರುವ ನಮ್ಮ ರೂಢಿಯಲ್ಲಿ ಆ ಹಾದಿಯ ಗುರುತಿದೆ. ಮಾತು ಬರೆಯುವವರು ಬೇರೆಯೇ ಆದಾಗ ಕ್ರಿಯೆಯೂ ಮಾತೂ ಒಂದೇ ಹರಿವಿನಲ್ಲಿ ಇಳಿಯುವ ಪುಟ ಅನಿವಾರ್ಯವಾಗುವುದಿಲ್ಲ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಇರುವ ಎರಡು ಕಂಬದ ಪುಟ ನಮ್ಮಲ್ಲಿ ಬಾಳಿದ್ದು ಇದರಿಂದಲೇ ಎಂಬುದು ನನ್ನ ಊಹೆ. ಅದನ್ನು ಹಿಂದುಳಿದ ಪದ್ಧತಿ ಎನ್ನಲಾರೆ. ಸಂಭಾಷಣೆಕಾರರಿಗೆ ಖಾಲಿ ಬಲಭಾಗವನ್ನು ಕೊಟ್ಟು ತುಂಬಿಸಿಕೊಳ್ಳುವ ವ್ಯವಸ್ಥೆಗೆ ಅದಕ್ಕಿಂತ ಒಳ್ಳೆಯ ವಿನ್ಯಾಸವಿಲ್ಲ. ಒಬ್ಬರೇ ಎಲ್ಲ ಬರೆಯುವ ಕಿರುಚಿತ್ರಕ್ಕೆ ಮಾತ್ರ ಅದರ ಅಗತ್ಯವಿಲ್ಲ.

ಇದು ಊಹೆಯಾಗಿಯೇ ಉಳಿದಿರುವುದಕ್ಕೆ ಕಾರಣ ಕಾಗದಗಳು ಕೈಗೆ ಸಿಗದಿರುವುದು. ಸುಲಭವಾಗಿ ಸಿಗುವುದು ಸೆನ್ಸಾರ್ ಸ್ಕ್ರಿಪ್ಟ್, ಅಂದರೆ ಚಿತ್ರ ಮುಗಿದ ಮೇಲೆ ಪರದೆಯ ಮೇಲಿರುವುದನ್ನು ನೋಡಿ ಬರೆದ ಪ್ರತಿ. ಪೋರ್ಟರನ ಕೆಟಲಾಗಿನಂತೆ ಅದೂ ಆಮೇಲಿನದು, ಬರೆಯುವ ಹೊತ್ತಿನಲ್ಲಿ ಪುಟ ಹೇಗಿತ್ತೆಂದು ಅದು ಹೇಳುವುದಿಲ್ಲ. ಹೇಳಬಲ್ಲದ್ದು ಬೆಳಿಗ್ಗೆ ಸಹಾಯಕ ನಿರ್ದೇಶಕರು ಹಂಚುತ್ತಿದ್ದ, ಸಂಜೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದ ಸೀನ್ ಪೇಪರು. ಓದುಗರಲ್ಲಿ ಯಾರ ಮನೆಯಲ್ಲಾದರೂ, ಹಿಂದೊಮ್ಮೆ ಚಿತ್ರರಂಗದಲ್ಲಿ ದುಡಿದ ತಂದೆಯದೋ ಚಿಕ್ಕಪ್ಪನದೋ ಟ್ರಂಕಿನಲ್ಲಿ ಅಂಥ ಹಾಳೆಗಳಿದ್ದರೆ ರದ್ದಿಗೆ ಹಾಕಬೇಡಿ. ಎರಡೂ ಮಗ್ಗುಲನ್ನು, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದೂ ಕಾಣುವಂತೆ ಫೋಟೊ ತೆಗೆದಿಡಿ, ಯಾವ ಚಿತ್ರದ್ದು, ಯಾರದ್ದು ಎಂದು ನೆನಪಿದ್ದಷ್ಟನ್ನು ಜೊತೆಗೆ ಬರೆದಿಡಿ.